ನೆನೆದು ಹೋದ ಉದ್ರಿ ಪುಸ್ತಕ: ಅಂಗಡಿಯವರ ಪಾಡ್‌ಕಾಸ್ಟ್ ಎಪಿಸೋಡಿಗೆ ಪ್ರಕಟಣೆ ಬರೆಯುವುದು ಹೇಗೆ

ನಮ್ಮ ಪಾಡ್‌ಕಾಸ್ಟಿನಲ್ಲಿ ಊರ ಕಡೆಯ ಜನರನ್ನು ಮಾತಾಡಿಸುತ್ತೇವೆ. ಈ ಸಲ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯ ಒಂದು ಸಣ್ಣ ಪೇಟೆಗೆ ಹೋಗಿದ್ದೆವು. ಅಲ್ಲಿ 1983ರಿಂದ ದಿನಸಿ ಅಂಗಡಿ ನಡೆಸುತ್ತಿರುವ ಒಬ್ಬರಿದ್ದಾರೆ, ಊರವರೆಲ್ಲ ಅವರನ್ನು ಅಂಗಡಿ ಮಾವ ಅಂತಲೇ ಕರೆಯುತ್ತಾರೆ. ರೆಕಾರ್ಡಿಂಗ್ ಎರಡೂವರೆ ಗಂಟೆ ಆಯ್ತು. ಎಡಿಟ್ ಮಾಡಿ 41 ನಿಮಿಷಕ್ಕೆ ಇಳಿಸಿದೆವು. ಅಷ್ಟು ಕೆಲಸ ಮುಗಿಸಿದ ಮೇಲೆ ವಾಟ್ಸಾಪಿಗೆ ಹಾಕೋ ಏಳು ಸಾಲು ಬರೆಯೋಕೆ ಮೂರು ದಿನ ಹಿಡಿಯಿತು. ಆ ಮೂರು ದಿನದಲ್ಲಿ ಏನು ಮಾಡಿದೆವು, ಯಾವುದನ್ನು ಹೊಡೆದು ಹಾಕಿದೆವು, ಯಾಕೆ ಅನ್ನೋದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇಂಥದ್ದೇ ಎಪಿಸೋಡ್ ನಿಮ್ಮ ಹತ್ತಿರ ಇದ್ದರೆ ಜೊತೆಜೊತೆಗೇ ಮಾಡುತ್ತಾ ಹೋಗಬಹುದು.

ಮೊದಲು ಬರೆದದ್ದು

ಮೊದಲ ದಿನ ಬರೆದದ್ದು ಹೀಗಿತ್ತು:

> ಸಣ್ಣ ಊರಿನ ಅಂಗಡಿಯವರೊಬ್ಬರ ಸ್ಫೂರ್ತಿಯ ಪಯಣ! ಕಷ್ಟ, ಛಲ, ಪ್ರಾಮಾಣಿಕತೆಯ ಕಥೆ. ಸಂಚಿಕೆ 14 ಈಗ ಬಿಡುಗಡೆಯಾಗಿದೆ. ತಪ್ಪದೇ ಕೇಳಿ, ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಅಂಗಡಿ ಅನ್ನೋ ಪದ ತೆಗೆದು ಹೋಟೆಲ್ ಅಂತ ಹಾಕಿ, ಸಲೂನ್ ಅಂತ ಹಾಕಿ, ಸಾಲು ಹಾಗೇ ನಿಲ್ಲುತ್ತದೆ. ಆಗ ಅದು ಮಾವನ ಬಗ್ಗೆ ಏನನ್ನೂ ಹೇಳಿಲ್ಲ ಅಂತಾಯ್ತು. ನಾನು ಈಗ ಪ್ರತಿ ಸಾಲಿಗೂ ಇದೇ ಪರೀಕ್ಷೆ ಮಾಡುತ್ತೇನೆ: ಬೇರೆಯವರ ಎಪಿಸೋಡಿಗೆ ಈ ಸಾಲು ಹೊಂದುತ್ತದಾ? ಹೊಂದಿದರೆ ಅಳಿಸಿಬಿಡುತ್ತೇನೆ.

ಇನ್ನೊಂದು ವಿಷಯ, "ಪಯಣ" ಅಂದ ಕೂಡಲೇ ನಾವು ಹುಟ್ಟಿದ್ದರಿಂದ ಶುರು ಮಾಡುತ್ತೇವೆ. ಸೋಗೆ ಮಾಡಿನ ಅಂಗಡಿ, ಆಮೇಲೆ ಹೆಂಚು, ಆಮೇಲೆ ಫ್ರಿಜ್ ಬಂತು, ಆಮೇಲೆ ಫೋನಿನಲ್ಲಿ ದುಡ್ಡು ಹಾಕೋ ಕ್ಯೂಆರ್ ಕೋಡ್ ಬಂತು. ಎಪಿಸೋಡಿಗೆ ಇದೆಲ್ಲ ಬೇಕು. ಪ್ರಕಟಣೆಗೆ ಬೇಡ. ಪ್ರಕಟಣೆಗೆ ಆ ನಲವತ್ತು ವರ್ಷದಲ್ಲಿ ಒಂದೇ ಒಂದು ದಿನ ಸಾಕು.

ಆ ಒಂದು ದಿನವನ್ನು ಹುಡುಕುವುದು

ಇದಕ್ಕೆ ಬೇರೆ ದಾರಿ ಇಲ್ಲ, ಎಪಿಸೋಡನ್ನು ಇನ್ನೊಮ್ಮೆ ಪೂರ್ತಿ ಕೇಳಬೇಕು. ಎಡಿಟ್ ಮಾಡುವಾಗ ಕೇಳಿದ್ದು ಲೆಕ್ಕಕ್ಕಿಲ್ಲ, ಆಗ ಕಿವಿ ಬರೀ ಕೆಮ್ಮು, ಗದ್ದಲ ಹುಡುಕುತ್ತಿರುತ್ತದೆ. ಈ ಸಲ ಒಂದು ಹಾಳೆ ಇಟ್ಟುಕೊಂಡು ಕೂತುಕೊಳ್ಳಿ. ಎಲ್ಲಿ ಮಾತಾಡುವವರ ದನಿ ಇಳಿಯುತ್ತದೋ, ಎಲ್ಲಿ ಅವರು ಒಂದು ವಸ್ತುವಿನ ಹೆಸರು ಹೇಳುತ್ತಾರೋ, ಎಲ್ಲಿ ನಿಮಗೇ "ಆಮೇಲೆ?" ಅನ್ನಿಸುತ್ತದೋ ಅಲ್ಲಿ ನಿಮಿಷ, ಸೆಕೆಂಡು ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ಒಂಬತ್ತು ಗುರುತು ಬಿದ್ದವು. ಮೂರೂ ಒಟ್ಟಿಗೆ ಇದ್ದದ್ದು ಒಂದೇ ಕಡೆ, 12 ನಿಮಿಷ 40 ಸೆಕೆಂಡಿನಲ್ಲಿ.

ಅಲ್ಲಿ ಮಾವ 2019ರ ಆಗಸ್ಟ್ ಮಳೆಯ ಮಾತು ತೆಗೆಯುತ್ತಾರೆ. ಆ ವರ್ಷ ಮಲೆನಾಡಿನ ಹೊಳೆಗಳೆಲ್ಲ ಉಕ್ಕಿದ್ದವು, ಶಿವಮೊಗ್ಗದಲ್ಲೂ ತುಂಗೆಯ ನೀರು ಊರೊಳಗೆ ಬಂದಿತ್ತು. ಮಾವನ ಅಂಗಡಿಗೆ ಹಿಂದಿನ ಹಳ್ಳದ ನೀರು ರಾತ್ರಿ ನುಗ್ಗಿತು. ಅಕ್ಕಿ ಮೂಟೆ, ಬೆಲ್ಲ, ಬೆಂಕಿಪೊಟ್ಟಣ ಎಲ್ಲ ಹೋಯ್ತು. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಉದ್ರಿ ಪುಸ್ತಕ ಇತ್ತು.

ಅಡಿಕೆ ಸೀಮೆ ಗೊತ್ತಿಲ್ಲದವರಿಗೆ ಇದು ಯಾಕೆ ದೊಡ್ಡದು ಅಂತ ತಿಳಿಯೋದಿಲ್ಲ. ತೋಟದವರಿಗೆ ದುಡ್ಡು ಬರೋದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ. ಮಳೆಗಾಲದಲ್ಲಿ ಕೈ ಖಾಲಿ. ಆದರೆ ಖರ್ಚು ಇರೋದೇ ಆಗ: ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಮೈಲುತುತ್ತ ಮತ್ತು ಸುಣ್ಣ, ಆಳುಗಳ ಊಟಕ್ಕೆ ಅಕ್ಕಿ, ಮಕ್ಕಳ ಪಟ್ಟಿ ಪುಸ್ತಕ. ಎಲ್ಲವೂ ಉದ್ರಿ. ಅಂದರೆ ಆಗಸ್ಟಿನಲ್ಲಿ ಆ ಪುಸ್ತಕ ವರ್ಷದಲ್ಲೇ ಜಾಸ್ತಿ ತುಂಬಿರುತ್ತದೆ. ನೀರು ಬಂದದ್ದು ಸರಿಯಾಗಿ ಆಗಲೇ.

ಮಾವ ಬರೆಯುತ್ತಿದ್ದದ್ದು ಶಾಯಿ ಪೆನ್ನಿನಲ್ಲಿ. ಬೆಳಿಗ್ಗೆ ಪುಸ್ತಕ ತೆಗೆದು ನೋಡಿದಾಗ ಹಾಳೆ ಹಾಳೆ ಅಂಟಿಕೊಂಡಿತ್ತಂತೆ, ಬೆರಳಿಗೆ ನೀಲಿ ಹತ್ತಿತಂತೆ. ಒಲೆಯ ಮೇಲಿನ ಅಟ್ಟದಲ್ಲಿ ಒಂದು ವಾರ ಒಣಗಿಸಿದರೂ ಒಂದು ಹೆಸರೂ ಓದೋಕೆ ಬರಲಿಲ್ಲ.

ಇಲ್ಲೇ ಪ್ರಕಟಣೆ ಸಿಕ್ಕಿತು. ಒಂದು ವಸ್ತು ಇದೆ, ಅದಕ್ಕೆ ಏನೋ ಆಗಿದೆ, ಮುಂದೇನು ಅನ್ನೋದು ಗೊತ್ತಿಲ್ಲ. ನಿಮ್ಮ ಎಪಿಸೋಡಿನಲ್ಲಿ ಇದು ತಕ್ಕಡಿ ಆಗಿರಬಹುದು, ಬಾಡಿಗೆ ಕರಾರು ಆಗಿರಬಹುದು, ಎದುರುಗಡೆ ತೆರೆದ ದೊಡ್ಡ ಅಂಗಡಿಯ ಬೋರ್ಡ್ ಆಗಿರಬಹುದು.

ಯಾವುದನ್ನು ಹೇಳಬೇಕು, ಯಾವುದನ್ನು ಇಟ್ಟುಕೊಳ್ಳಬೇಕು

ಉತ್ತರ ನಮ್ಮ ಎಪಿಸೋಡಿನ 31ನೇ ನಿಮಿಷದ ಆಸುಪಾಸಿನಲ್ಲಿದೆ. ಮಾವ ಪುಸ್ತಕ ಹೋಯ್ತು ಅಂತ ಯಾರಿಗೂ ಹೇಳಲಿಲ್ಲ. ಮಾಘದ ಹೊತ್ತಿಗೆ ಅಡಿಕೆ ದುಡ್ಡು ಬಂದಾಗ ಜನ ತಾವೇ ಬಂದು "ನಂದೆಷ್ಟಿತ್ತು ಮಾವ?" ಅಂತ ಕೇಳಿದರು. ಮಾವ "ನೀನೇ ಹೇಳು" ಅಂದರು. ಹೆಚ್ಚಿನವರು ಹೇಳಿ ಕೊಟ್ಟರು, ಕೆಲವರು ಕಡಿಮೆ ಹೇಳಿದರು, ಕೆಲವರು ಬರಲೇ ಇಲ್ಲ. ಒಬ್ಬ ಅಮ್ಮ ಎರಡು ವರ್ಷ ಬಿಟ್ಟು ಬಂದು ಕೊಟ್ಟು ಹೋದರು.

ಇದನ್ನೆಲ್ಲ ಪ್ರಕಟಣೆಯಲ್ಲಿ ಹೇಳಿಬಿಟ್ಟರೆ ಓದಿದವರು "ಒಳ್ಳೆ ಮನುಷ್ಯ" ಅಂತ ಒಂದು ಹೂವು ಹಾಕಿ ಮುಂದೆ ಹೋಗುತ್ತಾರೆ. ಕೇಳೋಕೆ ಏನೂ ಉಳಿಯೋದಿಲ್ಲ. ಹಾಗಂತ ಪೂರ್ತಿ ಮುಚ್ಚಿಟ್ಟು "ಆ ರಾತ್ರಿ ನಡೆದದ್ದೇನು?" ಅಂತ ಬರೆದರೆ ಅದು ಟಿವಿ ಕ್ರೈಂ ಕಾರ್ಯಕ್ರಮದ ಥರ ಆಗುತ್ತದೆ, ಕೇಳಿದವರಿಗೆ ಮೋಸ ಆದ ಹಾಗೆ ಅನ್ನಿಸುತ್ತದೆ. ನಾನು ಇಟ್ಟುಕೊಂಡ ಅಳತೆ ಇದು: ನಷ್ಟ ಏನು ಅಂತ ಬಿಚ್ಚಿ ಹೇಳಬೇಕು, ಜನ ಏನು ಮಾಡಿದರು ಅನ್ನೋದನ್ನು ಹೇಳಬಾರದು. ಮತ್ತೆ ಪ್ರಕಟಣೆಯಲ್ಲಿ ಎಬ್ಬಿಸಿದ ಪ್ರಶ್ನೆಗೆ ಎಪಿಸೋಡಿನಲ್ಲಿ ನೇರ ಉತ್ತರ ಇರಲೇಬೇಕು. ಇಲ್ಲದಿದ್ದರೆ ಆ ಪ್ರಶ್ನೆ ಎತ್ತಬೇಡಿ.

ಟೀಸರ್ ಸಾಲು ಅವರದ್ದೇ ಬಾಯಿಂದ

ಟೀಸರ್ ಸಾಲನ್ನು ನಾವು ಕಟ್ಟೋದಕ್ಕಿಂತ ಅವರು ಆಡಿದ ಮಾತಿನಿಂದ ಎತ್ತಿಕೊಳ್ಳೋದು ಯಾವತ್ತೂ ಮೇಲು. ನಾವು ಮೂರು ಸಾಲು ಆರಿಸಿದ್ದೆವು.

> "ಹಾಳೆ ಹಾಳೆ ಅಂಟ್ಕೊಂಡಿತ್ತು. ಶಾಯಿ ಎಲ್ಲ ನೀಲಿ ನೀರಾಗಿತ್ತು."

> "ಯಾರ್ ಎಷ್ಟ್ ಕೊಡ್ಬೇಕು ಅಂತ ನಂಗೆ ಗೊತ್ತಿಲ್ಲ. ಆದ್ರೆ ಅವ್ರಿಗೆ ಗೊತ್ತಲ್ಲ."

> "ಒಬ್ರು ಕೊಡ್ಲೇ ಇಲ್ಲ. ಅದೇ ವರ್ಷ ಮನೆ ಕಟ್ಟಿದ್ರು."

ಮೊದಲನೆಯದು ಕಣ್ಣಿಗೆ ಕಟ್ಟುತ್ತದೆ, ಆದರೆ ಏನು ಪುಸ್ತಕ ಅಂತ ಗೊತ್ತಿಲ್ಲದವರಿಗೆ ಅರ್ಥ ಆಗೋದಿಲ್ಲ. ಅದಕ್ಕೆ ಮೊದಲು ನಮ್ಮದೊಂದು ಸಾಲು ಬೇಕು. ಎರಡನೆಯದು ಒಂಟಿಯಾಗಿಯೇ ನಿಲ್ಲುತ್ತದೆ, ಅದರೊಳಗೇ ಇಡೀ ಕಥೆಯ ಪ್ರಶ್ನೆ ಇದೆ. ಕೇಳಿದ ಕೂಡಲೇ ನಮ್ಮ ಗುಂಪಿನವರೆಲ್ಲ ಅದನ್ನೇ ಹಿಡಿದರು.

ಮೂರನೆಯದು ಎಲ್ಲಕ್ಕಿಂತ ಚುರುಕು. ನಾನು ಅದನ್ನೇ ಮುಂದಿಡಬೇಕು ಅಂತಿದ್ದೆ. ಮಾವನ ಮನೆಗೆ ಹೋಗಿ ಮೂರೂ ಓದಿ ಹೇಳಿದೆ. ಮಾವ ಸುಮ್ನೆ ಕೂತಿದ್ದರು. ಒಳಗಿಂದ ಅತ್ತೆ ಬಂದು, "ಅದೊಂದು ಬೇಡ. ಆ ವರ್ಷ ನಮ್ಮೂರಲ್ಲಿ ಮನೆ ಕಟ್ಟಿದ್ದು ಇಬ್ಬರೇ" ಅಂದರು. ನಾವು ಹೆಸರು ಹೇಳಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆವು, ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ಗೊತ್ತಾಗುತ್ತದೆ ಅಂತ ಹೊಳೆದಿರಲಿಲ್ಲ. ಆ ಸಾಲನ್ನು ಪ್ರಕಟಣೆಯಿಂದ ಮಾತ್ರ ಅಲ್ಲ, ಎಪಿಸೋಡಿನಿಂದಲೂ ತೆಗೆದೆವು.

ಆದ್ದರಿಂದ ಈ ಹೆಜ್ಜೆ ಬಿಡಲೇಬೇಡಿ. ರೆಕಾರ್ಡಿಂಗಿಗೆ ಒಪ್ಪಿದ್ದಾರೆ ಅಂದ ಮಾತ್ರಕ್ಕೆ ಟೀಸರಿಗೂ ಒಪ್ಪಿದ ಹಾಗೆ ಅಲ್ಲ. 41 ನಿಮಿಷದ ಮಾತಿನ ನಡುವೆ ಮೆತ್ತಗೆ ಕೇಳುವ ಸಾಲು, ಒಂಟಿಯಾಗಿ ಕತ್ತರಿಸಿ ಇಟ್ಟಾಗ ಬೈಗುಳದ ಹಾಗೆ ಕೇಳಬಹುದು. ಅವರಿಗೂ ಮನೆಯವರಿಗೂ ಸಾಲು ಓದಿ ಹೇಳಿ, ಕ್ಲಿಪ್ ಕೇಳಿಸಿ, ಆಮೇಲೆ ಮುಂದೆ ಹೋಗಿ. ಫೋಟೋಗೂ ಇದೇ ಮಾತು. ನೆನೆದ ಪುಸ್ತಕದ ಚಿತ್ರ ಚೆನ್ನಾಗಿತ್ತು. ಆದರೆ ಪಕ್ಕದಲ್ಲಿದ್ದ ಹೊಸ ಪುಸ್ತಕದ ಪುಟವೂ ಚೌಕಟ್ಟಿನೊಳಗೆ ಬಿದ್ದಿತ್ತು, ದೊಡ್ಡದು ಮಾಡಿದರೆ ಹೆಸರು ಓದಬಹುದಿತ್ತು. ಆಮೇಲೆ ಮಸುಕು ಮಾಡೋದಕ್ಕಿಂತ ಪುಟದ ಮೇಲೆ ಒಂದು ಖಾಲಿ ಹಾಳೆ ಇಟ್ಟು ಹೊಸದಾಗಿ ಫೋಟೋ ತೆಗೆಯೋದು ಸುರಕ್ಷಿತ. ನಾವು ಹಾಗೇ ಮಾಡಿದೆವು.

ಕ್ಲಿಪ್ ಕತ್ತರಿಸುವುದು

ಬರಹದ ಜೊತೆ 20ರಿಂದ 30 ಸೆಕೆಂಡಿನ ದನಿ ಇದ್ದರೆ ಸಾಕು. ಶುರುವಿನಲ್ಲಿ ನಿಮ್ಮ ಸಿಗ್ನೇಚರ್ ಸಂಗೀತ ಹಾಕಬೇಡಿ, ಸ್ಟೇಟಸ್ ನೋಡುವವರು ಮೊದಲ ಎರಡು ಸೆಕೆಂಡಿನಲ್ಲೇ ಮುಂದೆ ಸರಿಸುತ್ತಾರೆ. ಮಾವನ ದನಿಯೇ ಮೊದಲು ಬರಲಿ. ಮಾತಿಗೆ ಮುಂಚೆ ಅರ್ಧ ಸೆಕೆಂಡ್ ಉಸಿರು ಬಿಡಿ, ಮೊದಲ ಅಕ್ಷರ ಕತ್ತರಿಸಿ ಹೋದರೆ ಕೇಳೋಕೆ ಕೆಟ್ಟದಾಗಿರುತ್ತದೆ. ನಮ್ಮ ರೆಕಾರ್ಡಿಂಗಿನಲ್ಲಿ ಹಿಂದೆ ಹೆಂಚಿನ ಮೇಲೆ ಮಳೆ ಬೀಳೋ ಸದ್ದು ಇತ್ತು, ಅದನ್ನು ಹಾಗೇ ಬಿಟ್ಟೆವು, ಅದರ ಮೇಲೆ ಪಿಟೀಲು ಗಿಟೀಲು ಏನೂ ಹಾಕಲಿಲ್ಲ.

ಕಂಪ್ಯೂಟರಿನಲ್ಲಿ ದನಿ, ವಿಡಿಯೋ ಕತ್ತರಿಸೋ ಎಫ್‌ಎಫ್‌ಎಂಪೆಗ್ ಅನ್ನೋ ಪ್ರೋಗ್ರಾಂ ಇದ್ದರೆ ಕ್ಲಿಪ್ ತೆಗೆಯೋದು ಒಂದೇ ಸಾಲಿನ ಕೆಲಸ. 12 ನಿಮಿಷ 40 ಸೆಕೆಂಡಿನಿಂದ 26 ಸೆಕೆಂಡ್ ಬೇಕು ಅಂದರೆ:

```
ffmpeg -ss 00:12:40 -i angadi.wav -t 26 clip.wav
```

ಕ್ಲಿಪ್ಪನ್ನು ಫೋಟೋ ಮೇಲೆ ಕೂರಿಸಿ ವಿಡಿಯೋ ಮಾಡುವಾಗ ಮಾತನ್ನು ಅಕ್ಷರದಲ್ಲೂ ತೋರಿಸಿ, ಬಸ್ಸಿನಲ್ಲಿ ಕೂತವರು ಸದ್ದು ಆಫ್ ಮಾಡಿಯೇ ನೋಡುತ್ತಾರೆ. ಅವರು "ಕೊಡ್ಬೇಕು" ಅಂದಿದ್ದರೆ ಹಾಗೇ ಬರೆಯಿರಿ. "ನೀಡಬೇಕು" ಅಂತ ತಿದ್ದಿದರೆ ಕಿವಿಗೊಂದು, ಕಣ್ಣಿಗೊಂದು ಆಗುತ್ತದೆ. ಕೆಲವು ವಿಡಿಯೋ ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಅಂಥ ಕಡೆ ಬೇರೆ ಫಾಂಟ್ ಹಾಕಿ ನೋಡಿ, ಅದಕ್ಕೂ ಬಗ್ಗದಿದ್ದರೆ ಅಕ್ಷರವನ್ನು ಚಿತ್ರವಾಗಿ ಮಾಡಿಕೊಂಡು ಅಂಟಿಸಿ.

ಬರಹ

ಈಗ ಬರೆಯೋಣ. ವಾಟ್ಸಾಪಿನಲ್ಲಿ ಉದ್ದದ ಸಂದೇಶ ಅರ್ಧಕ್ಕೆ ಮಡಚಿಕೊಳ್ಳುತ್ತದೆ, ನೋಟಿಫಿಕೇಶನ್ನಿನಲ್ಲಂತೂ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಹಾಗಾಗಿ ಪುಸ್ತಕ ನೆನೆದ ಮಾತು ಮೊದಲ ಸಾಲಿನಲ್ಲೇ ಬರಬೇಕು. "ಸಂಚಿಕೆ 14" ಅನ್ನೋದು ನಮಗೆ ಮುಖ್ಯ, ಓದುವವರಿಗೆ ಅಲ್ಲ, ಅದನ್ನು ಕೊನೆಗೆ ತಳ್ಳಿ, ಇಲ್ಲವೇ ನಮ್ಮ ಹಾಗೆ ಬಿಟ್ಟೇಬಿಡಿ. ಎಪಿಸೋಡಿನ ಹೆಸರಿಗೂ ಹೀಗೆಯೇ. ಫೋನಿನಲ್ಲಿ ಉದ್ದದ ಹೆಸರು ಕತ್ತರಿಸಿ ಹೋಗುತ್ತದೆ. ಜೊತೆಗೆ ಕನ್ನಡದಲ್ಲಿ "ಕ್ಷೇ" ಅಂತ ಒಂದು ಅಕ್ಷರ ಬರೆದರೆ ಕಂಪ್ಯೂಟರ್ ಅದನ್ನು ನಾಲ್ಕು ಅಂತ ಎಣಿಸುತ್ತದೆ. ಅಕ್ಷರ ಮಿತಿ ಇರುವ ಕಡೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಜಾಗ ಮುಗಿಯುತ್ತದೆ. "ನೆನೆದು ಹೋದ ಉದ್ರಿ ಪುಸ್ತಕ" ಅಂತ ಇಟ್ಟೆವು, ಅಷ್ಟೇ.

ಮೊದಲ ಸಾಲು ದಪ್ಪ ಕಾಣಬೇಕು ಅಂದರೆ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಹಾಕಿ. ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ದಪ್ಪ ಆಗೋದಿಲ್ಲ. ಕೊನೆಗೆ ಕಳಿಸಿದ್ದು ಇದು:

```
*ಹಳ್ಳದ ನೀರು ಅಂಗಡಿಗೆ ನುಗ್ಗಿದ ರಾತ್ರಿ ಉದ್ರಿ ಪುಸ್ತಕವೂ ನೆನೆದು ಹೋಯ್ತು.*

"ಯಾರ್ ಎಷ್ಟ್ ಕೊಡ್ಬೇಕು ಅಂತ ನಂಗೆ ಗೊತ್ತಿಲ್ಲ. ಆದ್ರೆ ಅವ್ರಿಗೆ ಗೊತ್ತಲ್ಲ."

ತೀರ್ಥಹಳ್ಳಿ-ಆಗುಂಬೆ ದಾರಿಯ ಒಂದು ದಿನಸಿ ಅಂಗಡಿ. 2019ರ ಆಗಸ್ಟ್.
ಅಡಿಕೆ ಮಾರಾಟಕ್ಕೆ ಇನ್ನೂ ತಿಂಗಳುಗಳಿದ್ದವು. ಪುಸ್ತಕ ಹೋಯ್ತು ಅಂತ
ಅಂಗಡಿ ಮಾವ ಯಾರಿಗೂ ಹೇಳಲಿಲ್ಲ. ಸುಗ್ಗಿ ಮುಗಿಯೋವರೆಗೆ ಕಾದರು.

41 ನಿಮಿಷ. ಇವತ್ತು ರಾತ್ರಿ ಅಡಿಕೆ ಸುಲಿಯುವಾಗ ಹಾಕಿಕೊಂಡು ಕೇಳಿ.
ಕೆಳಗಿನ ಫೈಲ್ ಒತ್ತಿದರೆ ಸಾಕು, 20 ಎಂಬಿ.
```

"ಕಾದರು" ಅನ್ನೋದರ ಮೇಲೆ ನಿಲ್ಲಿಸಿದ್ದು ಬೇಕಂತಲೇ. ಅದರ ಮುಂದೆ "ಮುಂದೇನಾಯ್ತು?" ಅಂತ ಬರೆದಿದ್ದೆ, ಆಮೇಲೆ ತೆಗೆದೆ. ಓದಿದವರು ತಾವೇ ಕೇಳಿಕೊಳ್ಳುವ ಪ್ರಶ್ನೆಯನ್ನು ನಾವು ಅವರ ಬಾಯಿಗೆ ತುರುಕೋದು ಬೇಡ.

ಕೇಳಿ ಅಂತ ಕರೆಯುವುದು

"ತಪ್ಪದೇ ಕೇಳಿ" ಅಂದರೆ ಯಾರೂ ಕೇಳೋದಿಲ್ಲ, ಯಾವಾಗ ಕೇಳಬೇಕು, ಯಾವುದನ್ನು ಒತ್ತಬೇಕು ಅಂತ ಹೇಳಬೇಕು. ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಆದ ಮೇಲೆ ಮನೆಮಂದಿ ಮೆಟ್ಟುಗತ್ತಿ ಮುಂದೆ ಕೂತು ಗಂಟೆಗಟ್ಟಲೆ ಅಡಿಕೆ ಸುಲಿಯುತ್ತಾರೆ. ಕೈ ತುಂಬ ಕೆಲಸ, ಕಿವಿ ಖಾಲಿ. ಪಾಡ್‌ಕಾಸ್ಟಿಗೆ ಇದಕ್ಕಿಂತ ಒಳ್ಳೆ ಹೊತ್ತು ಸಿಗೋದಿಲ್ಲ. ಹಾಗಾಗಿ ಎಪಿಸೋಡನ್ನು ಆ ಕಾಲಕ್ಕೇ ಇಟ್ಟುಕೊಂಡೆವು, ಸಂದೇಶವನ್ನು ಸಂಜೆ ಆರರ ಸುಮಾರಿಗೆ ಕಳಿಸಿದೆವು.

ಆದರೆ ಕೈಗೆ ಅಡಿಕೆ ಚೊಗರು ಹತ್ತಿರುವವರು ಫೋನನ್ನು ಪದೇ ಪದೇ ಮುಟ್ಟೋದಿಲ್ಲ. ಯೂಟ್ಯೂಬಿನಲ್ಲಿ ಹಾಕಿದರೆ ದುಡ್ಡು ಕಟ್ಟದವರಿಗೆ ಸ್ಕ್ರೀನ್ ಆಫ್ ಆದ ಕೂಡಲೇ ದನಿಯೂ ನಿಲ್ಲುತ್ತದೆ. ಸ್ಪಾಟಿಫೈನಲ್ಲಿ ಸ್ಕ್ರೀನ್ ಆಫ್ ಆದರೂ ಓಡುತ್ತದೆ, ದುಡ್ಡಿಲ್ಲದೆ ಪಾಡ್‌ಕಾಸ್ಟ್ ಡೌನ್‌ಲೋಡೂ ಮಾಡಬಹುದು, ಆದರೆ ಹೊಸ ಆ್ಯಪ್ ಹಾಕಿ ಅಕೌಂಟ್ ಮಾಡಬೇಕು. ಊರಿನ ಗ್ರೂಪಿನಲ್ಲಿ ಅಷ್ಟು ಮಾಡುವವರು ಕಡಿಮೆ. ಅದಕ್ಕೇ ಅಲ್ಲಿಗೆ ನಾವು ಲಿಂಕ್ ಬಿಟ್ಟು ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದೆವು. ಒಮ್ಮೆ ಇಳಿದರೆ ಸಿಗ್ನಲ್ ಇಲ್ಲದ ಮನೆಯಲ್ಲೂ ಕೇಳಬಹುದು. ಫೈಲ್ ಚಿಕ್ಕದಾಗಿರಲಿ ಅಂತ ಮೋನೋ ಮಾಡಿ 64 ಕಿಲೋಬಿಟ್ಟಿಗೆ ಇಳಿಸಿದೆವು, ಮಾತಿಗೆ ಅಷ್ಟು ಸಾಕು. ಲೆಕ್ಕಕ್ಕೆ ನಿಮಿಷಕ್ಕೆ ಅರ್ಧ ಎಂಬಿ ಅಂತ ಇಟ್ಟುಕೊಳ್ಳಿ, 41 ನಿಮಿಷಕ್ಕೆ 20 ಎಂಬಿ:

```
ffmpeg -i angadi.wav -ac 1 -b:a 64k angadi.mp3
```

ಇದರಲ್ಲಿ ಕಳೆದುಕೊಳ್ಳೋದು ಒಂದಿದೆ. ಫೈಲ್ ಕೇಳಿದವರ ಲೆಕ್ಕ ನಿಮಗೆ ಸಿಗೋದಿಲ್ಲ. ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗರ ಗ್ರೂಪಿಗೆ ಅದೇ ಬರಹ, ಕೊನೆಯ ಸಾಲುಗಳನ್ನು ಮಾತ್ರ ಬದಲಿಸಿ ಸ್ಪಾಟಿಫೈ ಲಿಂಕ್ ಹಾಕಿದೆವು. ಅವರಿಗೆ ಅಡಿಕೆ ಸುಲಿಯುವ ಹೊತ್ತಿಲ್ಲ, "ಶುಕ್ರವಾರ ರಾತ್ರಿ ಊರಿಗೆ ಹೊರಡುವ ಬಸ್ಸಿನಲ್ಲಿ" ಅಂತ ಬರೆದೆವು. ಒಂದು ಸಂದೇಶಕ್ಕೆ ಒಂದೇ ದಾರಿ ಇಡಿ. ನಾಲ್ಕು ಲಿಂಕ್ ಕೊಟ್ಟರೆ ಯಾವುದು ಒತ್ತೋದು ಅಂತ ಯೋಚಿಸುವಷ್ಟರಲ್ಲಿ ಬೇರೆ ಸಂದೇಶ ಬಂದಿರುತ್ತದೆ.

ಲಿಂಕ್ ಕಳಿಸುವವರು ಇದೊಂದು ನೆನಪಿಡಿ. ಎಪಿಸೋಡ್ ಹೋಸ್ಟಿಂಗಿನಲ್ಲಿ ಬಿಡುಗಡೆಯಾದ ಕೂಡಲೇ ಎಲ್ಲ ಆ್ಯಪಿಗೂ ಬಂದಿರೋದಿಲ್ಲ, ಅವು ಫೀಡ್ ನೋಡಿಕೊಂಡು ಎತ್ತಿಕೊಳ್ಳೋಕೆ ಸಮಯ ಬೇಕು. ಹಿಂದೊಮ್ಮೆ ನಾವು ಅವಸರ ಮಾಡಿ ಕಳಿಸಿದಾಗ ಒತ್ತಿದವರಿಗೆ ಹಳೆ ಎಪಿಸೋಡೇ ಕಾಣಿಸಿತ್ತು. ಈಗ ಹಿಂದಿನ ರಾತ್ರಿಯೇ ಬಿಡುಗಡೆ ಮಾಡಿ, ಬೆಳಿಗ್ಗೆ ನಮ್ಮ ತಂಡದಲ್ಲಿ ಇಲ್ಲದವರ ಫೋನಿನಲ್ಲಿ ಒತ್ತಿ ನೋಡಿ, ಆಮೇಲೆ ಸಂಜೆ ಕಳಿಸುತ್ತೇವೆ.

ಹಿಡಿಯಿತೋ ಇಲ್ಲವೋ

ಹೆಬ್ಬೆರಳು, ಹೂವು, ಕೈಮುಗಿದ ಚಿತ್ರ ಬಂದರೆ ಓದಿದ್ದಾರೆ ಅಂತ ಮಾತ್ರ ಅರ್ಥ. ಕೇಳಿದವರು ಎಪಿಸೋಡಿನ ಒಳಗಿನ ಮಾತು ಎತ್ತುತ್ತಾರೆ. ನಮಗೆ ಮಾರನೇ ದಿನ ಬಂದ ಉತ್ತರಗಳಲ್ಲಿ ಒಬ್ಬರು "ಎರಡು ವರ್ಷ ಬಿಟ್ಟು ಬಂದ ಅಮ್ಮ ಎಷ್ಟು ಕೊಟ್ಟರು, ಅದನ್ನ ಯಾಕೆ ಕೇಳಲಿಲ್ಲ?" ಅಂತ ಬರೆದಿದ್ದರು. ಪ್ರಕಟಣೆಯಲ್ಲಿ ಆ ಅಮ್ಮ ಇಲ್ಲವೇ ಇಲ್ಲ, ಅಂದರೆ ಅವರು 31ನೇ ನಿಮಿಷ ದಾಟಿದ್ದಾರೆ. ಲಿಂಕ್ ಮೂಲಕ ಕೇಳಿದವರದ್ದಾದರೆ ಡ್ಯಾಶ್‌ಬೋರ್ಡಿನ ಗ್ರಾಫ್ ನೋಡಿ. ಮೊದಲ ಎರಡು ನಿಮಿಷದಲ್ಲೇ ಗೆರೆ ಕೆಳಗೆ ಬಿದ್ದಿದ್ದರೆ ಪ್ರಕಟಣೆ ಒಂದು ಹೇಳಿದೆ, ಎಪಿಸೋಡಿನ ಆರಂಭ ಇನ್ನೊಂದು ಹೇಳಿದೆ ಅಂತ ಅನುಮಾನ ಪಡಬೇಕು. ನಮ್ಮದರಲ್ಲಿ ಪುಸ್ತಕದ ಮಾತು ಬರೋದೇ 12ನೇ ನಿಮಿಷಕ್ಕೆ. ಅಷ್ಟು ಹೊತ್ತು ಕಾಯಿಸಬಾರದು ಅಂತ ಆ 26 ಸೆಕೆಂಡಿನ ಕ್ಲಿಪ್ಪನ್ನೇ ಎಪಿಸೋಡಿನ ತಲೆಗೂ ಇಟ್ಟೆವು.

ಕೊನೆಯದು ಅಂಗಡಿಯ ಗೋಡೆ. ಫೋನಿನಲ್ಲಿ ಗ್ರೂಪು ನೋಡದವರೂ ಅಂಗಡಿಗೆ ಬಂದೇ ಬರುತ್ತಾರಲ್ವಾ, ಅದಕ್ಕೆ ಒಂದು ಹಾಳೆಯಲ್ಲಿ ಎಪಿಸೋಡಿನ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ಗಲ್ಲಾಪೆಟ್ಟಿಗೆ ಹತ್ತಿರ ಅಂಟಿಸಿದೆವು. ಎರಡೇ ದಿನಕ್ಕೆ ಅತ್ತೆ ಫೋನ್ ಮಾಡಿದರು, ಜನ ದುಡ್ಡು ಹಾಕೋಕೆ ಅದನ್ನೇ ಸ್ಕ್ಯಾನ್ ಮಾಡುತ್ತಿದ್ದಾರೆ, ಮಾವನ ದನಿ ಬರುತ್ತಿದೆ ಅಂತ. ಈಗ ಅದು ಆಚೆ ಬದಿಯಲ್ಲಿ, ಬಿಸ್ಕತ್ತಿನ ಭರಣಿಗಳ ಮೇಲಿದೆ. ಮೇಲ್ಗಡೆ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದ್ದೇವೆ: "ಇದು ದುಡ್ಡಿಗಲ್ಲ, ಕೇಳೋದಕ್ಕೆ."